ಕಾಂಟ್ ಪ್ರಕಾರ ‘ಇದು ಸುಂದರ’ ಅನ್ನೋದು ಬರೀ ನನ್ನ ಮಾತಲ್ಲ, ಯಾಕೆ?

ಪ್ರಶ್ನೆ: ರುಚಿ ಅವರವರದು ಅಂತೀವಿ. ಆದ್ರೂ ‘ಸುಂದರ’ ಅಂದಿದ್ದನ್ನ ಎಲ್ಲರೂ ಒಪ್ಪಬೇಕು ಅಂತ ಕಾಂಟ್ ಯಾಕೆ ಹೇಳ್ತಾನೆ?

ಉತ್ತರ: ಜರ್ಮನ್ ತತ್ವಜ್ಞಾನಿ ಕಾಂಟ್ 1790ರ ‘ಕ್ರಿಟಿಕ್ ಆಫ್ ಜಡ್ಜ್‌ಮೆಂಟ್’ ಅನ್ನೋ ಪುಸ್ತಕದಲ್ಲಿ ಒಂದು ಅರಮನೆಯ ಉದಾಹರಣೆ ಕೊಡುತ್ತಾನೆ. ‘ಇದು ಸುಂದರವಾಗಿದೆಯಾ?’ ಅಂತ ಕೇಳಿದರೆ ಒಬ್ಬ, ಬರೀ ಬಾಯಿಬಿಟ್ಟು ನೋಡಲಿ ಅಂತ ಕಟ್ಟಿಸಿದ್ದು ನನಗೆ ಹಿಡಿಸಲ್ಲ ಅನ್ನಬಹುದು. ಇನ್ನೊಬ್ಬ, ಜನರ ಬೆವರು ಸುರಿಸಿ ದೊಡ್ಡವರು ಮೆರೆದಿದ್ದು ಅಂತ ಬೈಯಬಹುದು. ಎರಡೂ ನ್ಯಾಯವಾದ ಮಾತೇ ಇರಬಹುದು, ಆದರೆ ಕೇಳಿದ್ದಕ್ಕೆ ಉತ್ತರವಲ್ಲ. ಅದು ನನಗೆ ಬೇಕಾ, ಅದರಿಂದ ಯಾರಿಗೇನು ಲಾಭ ಅನ್ನೋದನ್ನು ಬದಿಗಿಟ್ಟು ಸುಮ್ನೆ ನೋಡಿದಾಗ ಖುಷಿಯಾಗುತ್ತಾ? ಕಾಂಟ್ ಕೇಳುವುದು ಇಷ್ಟನ್ನೇ. ಹೀಗೆ ನೋಡುವುದನ್ನೇ ಅವನು ನಿರ್ಲಿಪ್ತತೆ ಅನ್ನುತ್ತಾನೆ, ಅದು ಬೇಸರ ಅಲ್ಲ.

ಈಗ ಅವನದೇ ಇನ್ನೊಂದು ಉದಾಹರಣೆ, ಕ್ಯಾನರಿ ದ್ವೀಪದ ವೈನ್. ‘ಈ ವೈನ್ ಚೆನ್ನಾಗಿದೆ’ ಅಂದವನನ್ನು ‘ನಿನಗೆ ಚೆನ್ನಾಗಿದೆ ಅನ್ನಪ್ಪ’ ಅಂತ ತಿದ್ದಿದರೆ ಒಪ್ಪಿಕೊಳ್ಳುತ್ತಾನೆ. ನಾಲಿಗೆ ಅವನದು. ಆದರೆ ‘ಈ ಕಟ್ಟಡ ನನಗೆ ಮಾತ್ರ ಸುಂದರ’ ಅಂದರೆ ನಗು ಬರುತ್ತದೆ. ನನ್ನ ಖುಷಿಗೆ ನನ್ನದೇ ಆದ ಕಾರಣ ಏನೂ ಇಲ್ಲದಿದ್ದರೆ, ಅದು ನಿಮಗೂ ಆಗಬೇಕು ಅಲ್ವಾ?

ನನಗನಿಸುವಂತೆ ಇಲ್ಲೇ ಸ್ವಲ್ಪ ಜಾರುತ್ತದೆ. ಸ್ವಂತ ಕಾರಣ ಇಲ್ಲ ಅಂದ ಮಾತ್ರಕ್ಕೆ ಎಲ್ಲರಿಗೂ ಸೇರಿದ ಕಾರಣ ಇದೆ ಅಂತಾಗುವುದಿಲ್ಲ. ಅದಕ್ಕೇ ಕಾಂಟ್ ಮುಂದೆ ಇನ್ನೊಂದು ಮಾತು ಸೇರಿಸುತ್ತಾನೆ: ಸುಂದರವಾದದ್ದರ ಮುಂದೆ ಕಲ್ಪನೆ, ಬುದ್ಧಿ ಎರಡೂ ನಿಯಮವಿಲ್ಲದೆ ಜೊತೆಯಾಗಿ ಆಡುತ್ತವೆ. ಈ ಎರಡು ಶಕ್ತಿ ಎಲ್ಲ ಮನುಷ್ಯರಲ್ಲೂ ಇವೆ. ಹಾಗಂತ ಎಲ್ಲರೂ ಒಪ್ಪೇ ಒಪ್ಪುತ್ತಾರೆ ಅಂತ ಅವನು ಹೇಳುವುದಿಲ್ಲ, ಒಪ್ಪಬೇಕು ಅಂತಾನೆ. ವಾದ ಮಾಡಿ ಒಪ್ಪಿಸೋಕೂ ಆಗಲ್ಲ. ನಾನೇ ತಪ್ಪಿರಬಹುದು: ಮೆಚ್ಚಿದ್ದು ಕಟ್ಟಡವನ್ನೋ, ಅದರ ಒಡೆಯನಾಗುವ ಆಸೆಯನ್ನೋ ಅಂತ ನನಗೇ ಗೊತ್ತಾಗದೆ ಇರಬಹುದು.