ಎದುರು ಮನೆಗೆ ಸೊನ್ನೆ, ನನಗೆ ಪೂರ್ತಿ ಬಿಲ್ಲು

ಓದುಗರ ಪತ್ರ: “ಮುಂಬೈಯ ಗೋರೆಗಾಂವ್‌ನಲ್ಲಿ ನಮ್ಮ ಮನೆ 620 ಚದರಡಿ, ಎದುರು ಮನೆಯದು 490. 500 ಚದರಡಿವರೆಗೆ ಮನ್ನಾ ಇರುವುದರಿಂದ ಅವರಿಗೆ ಆಸ್ತಿ ತೆರಿಗೆ ಸೊನ್ನೆ, ಪಿಂಚಣಿ ಮೇಲೆ ಬದುಕುವ ನನಗೆ ಪೂರ್ತಿ ಬಿಲ್ಲು. ಕಸದ ಗಾಡಿ, ಗಟಾರ, ಬೀದಿದೀಪ ಇಬ್ಬರಿಗೂ ಒಂದೇ. ಸೌಲಭ್ಯ ಒಂದೇ ಆದಮೇಲೆ ತೆರಿಗೆಯೂ ಒಂದೇ ಇರಬೇಕಲ್ವಾ ಸರ್?”

ಸಂಪಾದಕರ ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ನೀವು ಕೊಟ್ಟ ಕಾರಣವನ್ನು ನಾನು ಒಪ್ಪುವುದಿಲ್ಲ.

ಪಡೆದ ಸೌಲಭ್ಯಕ್ಕೆ ತಕ್ಕಂತೆ ತೆರಿಗೆ ಎನ್ನುವುದು ಒಂದು ವಾದ. ಕೊಡುವ ಶಕ್ತಿಗೆ ತಕ್ಕಂತೆ ಎನ್ನುವುದು ಇನ್ನೊಂದು. ಎಷ್ಟು ಬಳಸಿದಿರಿ ಎಂದು ಅಳೆಯಲು ಬರುವ ಕಡೆ ಮೊದಲನೆಯದು ಚೆನ್ನಾಗಿ ನಡೆಯುತ್ತದೆ. ನೀರಿಗೆ ಮೀಟರ್ ಇಡಬಹುದು. ಗಟಾರಕ್ಕೆ? ಎದುರು ಮನೆಯ ಕೊಳಚೆ ಸರಿಯಾಗಿ ಹರಿದು ಹೋದರೆ ರೋಗ ತಪ್ಪುವುದು ನಿಮಗೂ ಹೌದು. ಆ ಲಾಭವನ್ನು ಯಾರ ಲೆಕ್ಕಕ್ಕೆ ಬರೆಯುವುದು?

ನಿಮ್ಮ ಬಿಲ್ಲನ್ನೇ ಬಿಡಿಸಿ ನೋಡಿ. ಸಾಮಾನ್ಯ ತೆರಿಗೆ ಒಂದು ಸಾಲು. ಅದರ ಜೊತೆಗೆ ಜಲಲಾಭ ಕರ, ಮಲನಿಸ್ಸಾರಣ ಲಾಭ ಕರ, ಶಿಕ್ಷಣ ಸೆಸ್, ಬೀದಿ ತೆರಿಗೆ ಇವೆಲ್ಲ ಇರುತ್ತವೆ. ಹೆಸರಿನಲ್ಲಿ ಲಾಭ ಇದೆ, ನಿಜ. ಆದರೆ ಲೆಕ್ಕ ಹಾಕುವುದು ಮನೆಯ ಬಂಡವಾಳ ಮೌಲ್ಯದ ಮೇಲೆ: ಆಯಾ ಪ್ರದೇಶದ ಆಸ್ತಿಗೆ ಸರ್ಕಾರ ಗೊತ್ತು ಮಾಡುವ ರೆಡಿ ರೆಕನರ್ ದರ, ಕಾರ್ಪೆಟ್ ಏರಿಯಾ, ಕಟ್ಟಡದ ಬಗೆ, ವಯಸ್ಸು. ಅಂದರೆ ಸೌಲಭ್ಯದ ಹೆಸರಲ್ಲಿ ವಸೂಲಾಗುವುದೂ ಹೆಚ್ಚುಕಡಿಮೆ ಶಕ್ತಿಯ ಲೆಕ್ಕದಲ್ಲೇ.

2019ರಲ್ಲಿ 500 ಚದರಡಿವರೆಗಿನ ಮನೆಗಳಿಗೆ ಮೊದಲು ಮನ್ನಾ ಆದದ್ದು ಸಾಮಾನ್ಯ ತೆರಿಗೆ ಮಾತ್ರ. ಉಳಿದ ಸಾಲುಗಳು ಹಾಗೇ ಉಳಿದವು. ಬಡವರಿಗೆ ರಿಯಾಯಿತಿ ಕೊಡೋಣ, ಸೌಲಭ್ಯಕ್ಕೆ ಮಾತ್ರ ಎಲ್ಲರೂ ಕೊಡಲಿ ಎಂಬ ಹಾಗಿತ್ತು ಅದು. ಪೂರ್ತಿ ಮಾಫಿ ಅಂತ ನಂಬಿದ್ದವರಿಗೆ ಬಿಲ್ಲು ಬಂತು, ಗದ್ದಲ ಎದ್ದಿತು. 2022ರ ಜನವರಿಯಿಂದ ಎಲ್ಲ ಸಾಲುಗಳೂ ಮನ್ನಾ ಆದವು.

ನನ್ನ ತಕರಾರು ಇರುವುದು ಚದರಡಿಯ ಬಗ್ಗೆ. ಕೊಡುವ ಶಕ್ತಿಯನ್ನು ಅಳೆಯಲು ಅದು ಒರಟು ಅಳತೆ. ಕೊಲಾಬಾದ 480 ಚದರಡಿ ಮನೆಗೆ ಕೋಟಿಗಟ್ಟಲೆ ಬೆಲೆ, ಆದರೂ ತೆರಿಗೆ ಸೊನ್ನೆ. ಅದಕ್ಕಿಂತ ಎಷ್ಟೋ ಅಗ್ಗವಾದ ಉಪನಗರದ 510 ಅಡಿ ಮನೆಗೆ ಪೂರ್ತಿ ಬಿಲ್ಲು. ಹತ್ತೇ ಅಡಿ ಜಾಸ್ತಿ ಆಗಿದ್ದಕ್ಕೆ ಮೊದಲ 500 ಅಡಿಯ ರಿಯಾಯಿತಿಯೂ ಕೈತಪ್ಪುತ್ತದೆ. ಅಳತೆಯ ಬದಲು ಮೌಲ್ಯಕ್ಕೆ ಮಿತಿ ಹಾಕಬೇಕು. ಆ ಮಿತಿಯವರೆಗಿನ ಭಾಗಕ್ಕೆ ಎಲ್ಲರಿಗೂ ಮನ್ನಾ ಕೊಟ್ಟು, ಮೇಲಿನದಕ್ಕಷ್ಟೇ ತೆರಿಗೆ ಹಾಕಬೇಕು. ಆಗ ಈ ಕಂದಕ ಇರುವುದಿಲ್ಲ.

ಅಷ್ಟಾದರೂ ನಿಮ್ಮ ಕಷ್ಟ ಪೂರ್ತಿ ತೀರುವುದಿಲ್ಲ. ನಿಮ್ಮ ಮನೆಯ ಬೆಲೆ ಏರಿದೆ, ಪಿಂಚಣಿ ಅದರ ಜೊತೆ ಏರಿಲ್ಲ. ಗೋಡೆ ಮಾರಿ ತೆರಿಗೆ ಕಟ್ಟಲಾಗುವುದಿಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 55 ದಾಟಿದವರು ಸ್ವಂತ ಮನೆಯ ತೆರಿಗೆಯನ್ನು ಮುಂದೂಡಬಹುದು. ಬಾಕಿ, ಬಡ್ಡಿ ಎರಡೂ ಮನೆಯ ಮೇಲೆ ಸಾಲವಾಗಿ ನಿಲ್ಲುತ್ತವೆ, ಮನೆ ಮಾರಿದಾಗ ತೀರುತ್ತವೆ. ಮುಂಬೈಯ ಹಿರಿಯರಿಗಾಗಿ ಪಾಲಿಕೆಯ ಮುಂದೆ ಇಡಬೇಕಾದ ಬೇಡಿಕೆ ಇದು.