ಸಮಯ ತಿದ್ದುವ ಮೊದಲು

*ನಮ್ಮ ಮಗಳು ಕಕ್ಕಡ ತಿಂಗಳಲ್ಲಿ ಹುಟ್ಟಿದವಳು. ಸಂಜೆ 6:10 ಎಂದು ನನ್ನ ಅತ್ತೆಯವರು, 6:50 ಎಂದು ಆಸ್ಪತ್ರೆಯ ಚೀಟಿ. ಅಂದು ಮೃಗಶಿರ 6:30ಕ್ಕೆ ಮುಗಿದು ಆರಿದ್ರಾ ಹಿಡಿದಿತ್ತು. ಹಸ್ತ ನಕ್ಷತ್ರದ ಹುಡುಗನ ಜಾತಕ ಬಂದಿದೆ. ಒಬ್ಬ ಜೋಯಿಸರು ಕೂಡುತ್ತದೆ ಎಂದರು, ಇನ್ನೊಬ್ಬರು ಕೂಡದು ಎಂದರು. ಮೂರನೆಯವರು ಸಮಯವನ್ನೇ ತಿದ್ದಿಕೊಡುತ್ತೇನೆ ಎನ್ನುತ್ತಾರೆ. ತಿದ್ದಿಸಬಹುದೇ?*
*— ಒಬ್ಬ ತಾಯಿ, ವಿರಾಜಪೇಟೆ*

ಅಮ್ಮಾ, ನಿಮ್ಮ ಇಬ್ಬರು ಜೋಯಿಸರೂ ತಪ್ಪು ಹೇಳಿಲ್ಲ. ಒಬ್ಬರು ಅತ್ತೆಯವರನ್ನು ನಂಬಿದ್ದಾರೆ, ಇನ್ನೊಬ್ಬರು ಚೀಟಿಯನ್ನು.

ಜಾತಕ ಕೂಡಿಸಿ ನೋಡುವ ಕೂಟಗಳ ಲೆಕ್ಕವೆಲ್ಲ ಚಂದ್ರನ ಮೇಲೆ ನಿಂತಿದೆ. ಚಂದ್ರ ಒಂದು ನಕ್ಷತ್ರ ದಾಟಲು ಹೆಚ್ಚುಕಡಿಮೆ ಒಂದು ದಿನ ಬೇಕು. ಹಾಗಾಗಿ ನಲವತ್ತು ನಿಮಿಷದ ತಪ್ಪಿನಿಂದ ಬಹಳ ಮಂದಿಗೆ ಏನೂ ಆಗುವುದಿಲ್ಲ. ನಿಮ್ಮ ಮಗಳು ಸಂಧಿಯಲ್ಲಿ ಹುಟ್ಟಿದ್ದೇ ತೊಡಕು. ಮೃಗಶಿರವಾದರೆ ಮಧ್ಯ ನಾಡಿ. ಹುಡುಗನ ಹಸ್ತ ಆದಿ ನಾಡಿ. 36 ಗುಣಗಳಲ್ಲಿ ನಾಡಿಗಿರುವ 8 ಪೂರ್ತಿ ಸಿಗುತ್ತವೆ. ಆರಿದ್ರಾ ಆದರೆ ಇಬ್ಬರದೂ ಆದಿ ನಾಡಿ, ಆ ಎಂಟೂ ಹೋದವು. ಮೇಲಾಗಿ ಆರಿದ್ರಾ, ಹಸ್ತ ಎರಡೂ ಕಂಠ ರಜ್ಜು. ನಮ್ಮ ಕಡೆ ರಜ್ಜು ನೋಡುವವರು ಅಲ್ಲಿಗೇ ಜಾತಕ ಮಡಚಿಬಿಡುತ್ತಾರೆ. ರಾಶಿ ಮಾತ್ರ ಎರಡು ಲೆಕ್ಕದಲ್ಲೂ ಮಿಥುನವೇ.

ಲಗ್ನ, ಅಂದರೆ ಹುಟ್ಟಿದ ಹೊತ್ತಿಗೆ ಪೂರ್ವದಲ್ಲಿ ಮೂಡುತ್ತಿದ್ದ ರಾಶಿ, ಚಂದ್ರನಷ್ಟು ನಿಧಾನಿಯಲ್ಲ. ಸುಮಾರು ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಸರಿಯುತ್ತದೆ. ನೀವು ಕಳಿಸಿದ ಕುಂಡಲಿಗಳಲ್ಲಿ 6:10ಕ್ಕೆ ಧನು ಲಗ್ನ, 6:50ಕ್ಕೆ ಮಕರ. ಕುಂಭದಲ್ಲಿರುವ ಕುಜ ಧನುವಿಗೆ ಮೂರನೆಯವನು, ಮಕರಕ್ಕೆ ಎರಡನೆಯವನು. ಎರಡನೆಯ ಮನೆಯ ಕುಜನನ್ನು ದೋಷವೆಂದು ಎಣಿಸುವುದರಿಂದ, ನಲವತ್ತು ನಿಮಿಷದಲ್ಲಿ ಹುಡುಗಿಗೆ ಕುಜದೋಷವೂ ಬಂದು ಸೇರಿತು.

ಜನ್ಮಕಾಲ ಶುದ್ಧಿ ಶಾಸ್ತ್ರದಲ್ಲಿ ಇಲ್ಲದ್ದಲ್ಲ, ಶ್ರದ್ಧೆಯಿಂದ ಮಾಡುವವರೂ ಇದ್ದಾರೆ. ತಂಗಿ ಹುಟ್ಟಿದ್ದು, ಅಜ್ಜ ತೀರಿಕೊಂಡದ್ದು, ಕೈ ಮುರಿದದ್ದು, ಕೆಲಸ ಸಿಕ್ಕಿದ್ದು, ಹೀಗೆ ತಾರೀಖು ಗೊತ್ತಿರುವ ಘಟನೆಗಳನ್ನು ಪಟ್ಟಿ ಮಾಡಿ, ಯಾವ ಸಮಯ ಹಿಡಿದರೆ ಅವು ದಶಾಭುಕ್ತಿಗೆ ಹೊಂದುತ್ತವೆ ಎಂದು ನೋಡುತ್ತಾರೆ. ದಶೆ ಎಂದರೆ ಒಂದು ಗ್ರಹ ಆಳುವ ವರ್ಷಗಳು, ಭುಕ್ತಿ ಅದರೊಳಗಿನ ಪಾಲು. ನಿಮ್ಮ ವಿಷಯದಲ್ಲಿ ಹೊಂದಿಸಿ ನೋಡೋಣ. 6:10 ಆದರೆ ಕುಜದಶೆ ಉಳಿದದ್ದು ಒಂದು ತಿಂಗಳ ಮೇಲೆ ಕೆಲವು ದಿನ, ಆಮೇಲೆ ರಾಹುದಶೆ. 6:50 ಆದರೆ ರಾಹುದಶೆಯ ಹದಿನೆಂಟು ವರ್ಷದಲ್ಲಿ ಮೂರು ತಿಂಗಳು ಹುಟ್ಟುವಾಗಲೇ ಕಳೆದಿವೆ. ಅಂದರೆ ಮುಂದಿನ ಎಲ್ಲ ದಶೆಗಳಿಗೂ ಇರುವ ಅಂತರ ಬರೀ ನಾಲ್ಕು ತಿಂಗಳು. ರಾಹುದಶೆಯ ಒಂದೊಂದು ಭುಕ್ತಿಯೋ ಸುಮಾರು ಒಂದರಿಂದ ಮೂರು ವರ್ಷ ನಡೆಯುತ್ತದೆ. ಯಾವುದೋ ಘಟನೆ ಭುಕ್ತಿ ಬದಲಾಗುವ ಆ ನಾಲ್ಕು ತಿಂಗಳೊಳಗೇ ಬೀಳದ ಹೊರತು, ಎರಡು ಸಮಯಕ್ಕೂ ಒಂದೇ ಉತ್ತರ ಬರುತ್ತದೆ. ಉಳಿಯುವುದು ಲಗ್ನದ ಪರೀಕ್ಷೆ: ಮೈಕಟ್ಟು ಧನುವಿನದೋ ಮಕರದ್ದೋ, ಒಡಹುಟ್ಟಿದವರ ಸ್ಥಾನ ಹೇಗಿದೆ, ಇಂಥವು. ಅಲ್ಲಿ ಮನಸ್ಸಿಗೆ ಬಂದದ್ದನ್ನು ಕಾಣಬಹುದು.

ಕುಂದ ಎಂಬ ಇನ್ನೊಂದು ಲೆಕ್ಕವಿದೆ. ಲಗ್ನಸ್ಫುಟವನ್ನು, ಅಂದರೆ ಲಗ್ನ ನಿಂತ ಡಿಗ್ರಿಯನ್ನು, 81ರಿಂದ ಗುಣಿಸಿ, ಬಂದದ್ದು ಜನ್ಮನಕ್ಷತ್ರಕ್ಕೋ ಅದರ ತ್ರಿಕೋಣದ ನಕ್ಷತ್ರಗಳಿಗೋ ತಾಳೆಯಾದರೆ ಸಮಯ ಶುದ್ಧ ಎನ್ನುತ್ತಾರೆ. ನೋಡಲು ಗಂಭೀರವಾಗಿದೆ. ಆದರೆ ಈ ತಾಳೆ ಸುಮಾರು ಆರು ನಿಮಿಷಕ್ಕೊಮ್ಮೆ ತಾನಾಗಿಯೇ ಆಗುತ್ತಿರುತ್ತದೆ! 6:10ರ ಆಸುಪಾಸಿನಲ್ಲೂ ಒಂದು ಶುದ್ಧ ಸಮಯ ಸಿಗುತ್ತದೆ, 6:50ರ ಆಸುಪಾಸಿನಲ್ಲೂ ಸಿಗುತ್ತದೆ. ಮದುವೆ ಕುದುರಬೇಕೆಂದು ಬಂದವರಿಗೆ ಕುದುರುವ ಸಮಯವೇ ಶುದ್ಧವಾಗಿ ಹೊರಡುವುದರಲ್ಲಿ ಆಶ್ಚರ್ಯವೇನು?

ನನ್ನ ಒಲವು ಅತ್ತೆಯವರ ಕಡೆಗಿದೆ, ಮುಚ್ಚಿಡುವುದಿಲ್ಲ. ಕಕ್ಕಡದ ಮೋಡದಲ್ಲಿ ಬೆಳಕು ನೋಡಿ ಹೊತ್ತು ಹೇಳಲಾಗದು ನಿಜ. ಆದರೆ ಸಂಜೆಯ ಬಸ್ಸು ಹೋದದ್ದು, ಯಾರೋ ಕಾಫಿ ತಂದದ್ದು ಇಂಥ ಗುರುತು ಅವರ ಬಳಿ ಇರಬಹುದು, ಕೇಳಿದ್ದೀರಾ? ಹೆರಿಗೆ ಮಾಡಿಸುವ ನರ್ಸ್ ಮೊದಲು ತಾಯಿ, ಮಗುವನ್ನು ನೋಡುತ್ತಾಳೆ, ಆಮೇಲೆ ಪೆನ್ನು ಹಿಡಿಯುತ್ತಾಳೆ. ನಮ್ಮ ಬಂಧುಗಳ ಮಗುವೊಂದಕ್ಕೆ, ಊರಿನ ಹೆಸರು ಬೇಡ, ತೂಕ ಮಾಡಿದ ಹೊತ್ತನ್ನೇ ಹುಟ್ಟಿದ ಹೊತ್ತೆಂದು ಬರೆದಿದ್ದರು. ಜನನ ಪ್ರಮಾಣಪತ್ರದಲ್ಲಂತೂ ತಾರೀಖು ಮಾತ್ರ. ಹೆರಿಗೆ ಕೋಣೆಯ ರಿಜಿಸ್ಟರ್ ಉಳಿದಿದ್ದರೆ ಅದನ್ನು ನೋಡಿ. ಚೀಟಿ ಅದರ ನಕಲು, ನಕಲಿನಲ್ಲಿ ಅಂಕಿ ತಪ್ಪುವುದೂ ಉಂಟು. ಜಾತಕ ಬರೆದವರು ಗಡಿಯಾರದ ಸಮಯವನ್ನು ಸ್ಥಳೀಯ ಕಾಲಕ್ಕೆ ಇಳಿಸಿದ್ದರೋ ವಿಚಾರಿಸಿ. ಕೊಡಗಿಗೆ ಆ ವ್ಯತ್ಯಾಸ ಸುಮಾರು 27 ನಿಮಿಷ. ಇಳಿಸಿದ ಸಮಯವನ್ನೇ ಮೊಬೈಲಿಗೆ ಕೊಟ್ಟರೆ ಮತ್ತೊಂದು ತಪ್ಪು ಸೇರುತ್ತದೆ.

ಒಕ್ಕ, ಅಂದರೆ ಕುಲ, ಬೇರೆಯೇ, ಮನೆತನ ಹೇಗೆ ಎಂದು ಕೇಳಿ ಮದುವೆ ನಿಶ್ಚಯಿಸುತ್ತಿದ್ದ ನಾಡಿನಲ್ಲಿ ಈಗ ಗುಣಗಳ ಅಂಕಪಟ್ಟಿ ಮೊದಲು ಬರುತ್ತದೆ. ಅದೂ ಇರಲಿ. ತಿದ್ದುವುದು ಯಾವಾಗಲೂ ಹುಡುಗಿಯ ಸಮಯವನ್ನೇ ಏಕೆ? ಆ ಹುಡುಗ ಹಸ್ತದ ಯಾವ ಪಾದದಲ್ಲಿ ಹುಟ್ಟಿದವನು, ಅವನ ಸಮಯ ಹೇಳಿದವರು ಯಾರು ಎಂದು ನಿಮ್ಮ ಮೂವರು ಜೋಯಿಸರಲ್ಲಿ ಒಬ್ಬರೂ ಕೇಳಿದಂತಿಲ್ಲ. ಅವನು ಹಸ್ತದ ಕೊನೆಯಲ್ಲಿದ್ದು, ನಿಜದಲ್ಲಿ ಚಿತ್ತೆಗೆ ದಾಟಿದ್ದರೆ ಲೆಕ್ಕವೆಲ್ಲ ತಿರುಗುಮುರುಗು: ಚಿತ್ತೆ ಮಧ್ಯ ನಾಡಿ, ಶಿರೋ ರಜ್ಜು, ಮೃಗಶಿರವೂ ಅದೇ. ಆಗ ಕೂಡುವುದು ಆರಿದ್ರಾ, ಕೂಡದ್ದು ಮೃಗಶಿರ. ಮೊದಲು ಅವರ ಮನೆಗೆ ಫೋನ್ ಮಾಡಿ, ಹುಡುಗನ ಚೀಟಿಯನ್ನೂ ತರಿಸಿಕೊಳ್ಳಿ.