ಫೀಲ್ಡ್ ಟೆಸ್ಟ್ ಹಾಳೆಯ ಕಪ್ಪು ಭಾಗವನ್ನು ಓದುವ ಬಗೆ

ಪ್ರಶ್ನೆ: "ಅಪ್ಪನ ಬಲಗಣ್ಣಿನ ಫೀಲ್ಡ್ ಟೆಸ್ಟ್ ಹಾಳೆ ಎರಡು ವರ್ಷದ್ದೂ ಹಾಕಿದ್ದೇನೆ. ಈ ಸಲ ಕಪ್ಪು ತುಂಬಾ ಹರಡಿದೆ. ಅಷ್ಟೂ ನರ ಸತ್ತಿದೆಯಾ? ಈಗಿನ ಡ್ರಾಪ್ಸ್ ನಿಲ್ಲಿಸಿ ಬೇರೆ ಬರೆಸಿಕೊಳ್ಳಬೇಕಾ?"

ಮೊದಲು ಒಂದು ಮಾತು: ವೈದ್ಯರು ಹೇಳುವ ತನಕ ಡ್ರಾಪ್ಸ್ ಒಂದು ದಿನವೂ ತಪ್ಪಬಾರದು. ಸುತ್ತಲಿನ ದೃಷ್ಟಿಯನ್ನು ಬಿಂದು ಬಿಂದುವಾಗಿ ಅಳೆಯುವ ಫೀಲ್ಡ್ ಟೆಸ್ಟಿನ ಬೂದು ಚಿತ್ರವನ್ನಷ್ಟೇ ನೋಡಿ ಔಷಧದ ತೀರ್ಮಾನಕ್ಕೆ ಹೋಗುವುದನ್ನು, ಕಣ್ಣಿನ ನರ ಕ್ರಮೇಣ ಕುಂದುವ ಗ್ಲಾಕೋಮಾ ಕಾಯಿಲೆಯ ಈ ಗುಂಪಿನಲ್ಲಿ ಮತ್ತೆ ಮತ್ತೆ ಕಾಣುತ್ತಿದ್ದೇನೆ. ನನ್ನ ತಾಯಿಯ ಹಾಳೆಗಳನ್ನು ಹಲವು ವರ್ಷ ಜೋಡಿಸಿಟ್ಟುಕೊಂಡು ಬಂದಿರುವುದರಿಂದ ಇದನ್ನು ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ.

ಆ ಬೂದು ಚಿತ್ರದಲ್ಲಿ ಯಂತ್ರ ನಿಜವಾಗಿ ಪರೀಕ್ಷಿಸಿರುವುದು, 24-2 ಟೆಸ್ಟ್ ಆದ್ದರಿಂದ, ಆರಾರು ಡಿಗ್ರಿ ಅಂತರದ 54 ಬಿಂದುಗಳನ್ನು ಮಾತ್ರ. ನಡುವಿನ ಜಾಗವನ್ನೆಲ್ಲ ಅದು ಅಂದಾಜಿನ ಮೇಲೆ ತುಂಬಿ ಬಣ್ಣ ಹಚ್ಚುತ್ತದೆ. ಆದ್ದರಿಂದ ಅದನ್ನು ಬದಿಗಿಟ್ಟು, ಕೆಳಗಿರುವ ಟೋಟಲ್ ಡೀವಿಯೇಷನ್ ಮತ್ತು ಅದರ ಬಲಕ್ಕಿರುವ ಪ್ಯಾಟರ್ನ್ ಡೀವಿಯೇಷನ್ ಚೌಕಗಳಿಗೆ ಬನ್ನಿ. ಮೊದಲನೆಯದು ವಯಸ್ಸಿಗೆ ತಕ್ಕ ದೃಷ್ಟಿಗಿಂತ ಪ್ರತಿ ಬಿಂದು ಎಷ್ಟು ಕಡಿಮೆ ಎಂದು ತೋರಿಸುತ್ತದೆ, ಎರಡನೆಯದು ಇಡೀ ಕಣ್ಣಿಗೆ ಕವಿದ ಮಬ್ಬನ್ನು ಕಳೆದು ಅಲ್ಲಲ್ಲಿ ಆದ ಕುಂದನ್ನಷ್ಟೇ ಉಳಿಸುತ್ತದೆ. ನಾನು ಮಾಡುವುದು ಇಷ್ಟೇ: ಪ್ಯಾಟರ್ನ್ ಡೀವಿಯೇಷನ್‌ನಲ್ಲಿ ಪೂರ್ತಿ ಕಪ್ಪಾಗಿರುವ ಚೌಕಗಳಿಗೆ ಎರಡೂ ವರ್ಷದ ಹಾಳೆಗಳಲ್ಲಿ ಪೆನ್ಸಿಲ್‌ನಿಂದ ಸುತ್ತು ಹಾಕಿ, ಹಾಳೆಗಳನ್ನು ಅಕ್ಕಪಕ್ಕ ಇಟ್ಟು ಬಿಂದುವಿಗೆ ಬಿಂದು ಹೋಲಿಸುತ್ತೇನೆ. ಅದೇ ವಯಸ್ಸಿನ ಆರೋಗ್ಯವಂತರಲ್ಲಿ ಸಾವಿರಕ್ಕೆ ಐವರಲ್ಲೂ ಸಿಗದಷ್ಟು ಕಡಿಮೆ ದೃಷ್ಟಿ ಆ ಬಿಂದುವಿನಲ್ಲಿದೆ ಎಂಬುದೇ ಆ ಕಪ್ಪು ಚೌಕದ ಅರ್ಥ.

ನಿಮ್ಮ ಹಾಳೆಗಳಲ್ಲಿ ಹಾಗೆ ಮಾಡಿ ನೋಡಿದೆ. ಎರಡು ವರ್ಷವೂ ಸುತ್ತು ಬೀಳುವುದು ಹೆಚ್ಚುಕಡಿಮೆ ಅದೇ ಬಿಂದುಗಳ ಮೇಲೆ: ಮೂಗಿನ ಕಡೆ, ಅಂದರೆ ಬಲಗಣ್ಣಿನ ಹಾಳೆಯ ಎಡಭಾಗದಲ್ಲಿ, ನಡುಗೆರೆಯ ಮೇಲ್ಗಡೆ. ಆ ಗುಂಪು ಅಡ್ಡಗೆರೆಯ ಹತ್ತಿರ ಬಂದು ಅಲ್ಲಿಗೇ ನಿಂತುಬಿಡುತ್ತದೆ, ಕೆಳಗೆ ಇಳಿಯುವುದಿಲ್ಲ. ಗ್ಲಾಕೋಮಾದ ಗುರುತೇ ಇದು, ಏಕೆಂದರೆ ಮೇಲಿನ ಮತ್ತು ಕೆಳಗಿನ ನರದೆಳೆಗಳು ಆ ಗೆರೆಯನ್ನು ದಾಟಿ ಬೆರೆಯುವುದಿಲ್ಲ. ಮೇಲ್ಗಡೆಯ ದೃಷ್ಟಿ ಕುಂದಿದೆ ಎಂದರೆ ಪೆಟ್ಟು ಬಿದ್ದಿರುವುದು ನರದ ಕೆಳ ಅಂಚಿಗೆ, ಅಪ್ಪನ ಕಣ್ಣಿನ ನರದೆಳೆಗಳ ದಪ್ಪ ಅಳೆದ ಒ.ಸಿ.ಟಿ. ವರದಿಯಲ್ಲಿ ಅದೇ ಜಾಗ ತೆಳುವಾಗಿದೆಯೇ ಎಂದು ವೈದ್ಯರನ್ನು ಕೇಳಿ.

ಹಾಗಾದರೆ ಹರಡಿದ ಕಪ್ಪು ಎಲ್ಲಿಂದ ಬಂತು? ಇಡೀ ಫೀಲ್ಡಿನ ಸರಾಸರಿ ನಷ್ಟವನ್ನು ಡೆಸಿಬಲ್‌ನಲ್ಲಿ ಹೇಳುವ ಎಂ.ಡಿ. –4.2ರಿಂದ –7.4ಕ್ಕೆ ಇಳಿದಿದೆ, ಆದರೆ ನಷ್ಟ ಬಿಂದುವಿನಿಂದ ಬಿಂದುವಿಗೆ ಎಷ್ಟು ಏರುಪೇರಾಗಿದೆ ಎಂದು ಹೇಳುವ ಪಿ.ಎಸ್.ಡಿ. 5.9 ಇದ್ದದ್ದು 6.1 ಆಗಿದೆ ಅಷ್ಟೇ. ಟೋಟಲ್ ಡೀವಿಯೇಷನ್ ಇಡೀ ಹಾಳೆಯಲ್ಲಿ ಕಪ್ಪಾಗಿದೆ, ಪ್ಯಾಟರ್ನ್ ಮಾತ್ರ ಬದಲಾಗಿಲ್ಲ. ಅಂದರೆ ಇಡೀ ಕಣ್ಣಿಗೆ ಒಂದೇ ಸಮನಾಗಿ ಮಬ್ಬು ಕವಿದಿದೆ. ಈಗ ಹಾಳೆಯ ಮೇಲ್ಭಾಗದ ಆರ್‌ಎಕ್ಸ್ ಸಾಲನ್ನು ನೋಡಿ: ಹೋದ ವರ್ಷ +3.25 ಲೆನ್ಸ್ ಹಾಕಿದ್ದಾರೆ, ಈ ವರ್ಷ ಆ ಜಾಗ ಖಾಲಿಯಿದೆ. ಯಂತ್ರದ ಒಳಗೋಡೆ ಕಣ್ಣಿನಿಂದ 30 ಸೆಂಟಿಮೀಟರ್ ದೂರದಲ್ಲಿರುವುದರಿಂದ ಈ ವಯಸ್ಸಿನವರಿಗೆ ಹತ್ತಿರದ ಲೆನ್ಸ್ ಇಲ್ಲದೆ ಬೆಳಕಿನ ಚುಕ್ಕಿ ಮಸುಕಾಗುತ್ತದೆ, ಮತ್ತು ಮೂರು ಡೆಸಿಬಲ್ ಇಳಿಯಲು ಅಷ್ಟೇ ಸಾಕಾಗಬಹುದು. ಆದರೆ ಪೊರೆ ಬೆಳೆದಿದ್ದರೂ ಹಾಳೆ ಹೀಗೇ ಬರುತ್ತದೆ. ಯಾವುದು ಎಂದು ಹಾಳೆಯಿಂದ ಹೇಳಲಾಗದು. ಸರಿಯಾದ ಲೆನ್ಸ್ ಹಾಕಿಸಿ, ಬೆಳಗಿನ ಹೊತ್ತು, ದಣಿವಿಲ್ಲದಾಗ ಟೆಸ್ಟ್ ಮತ್ತೆ ಮಾಡಿಸಿ.

ರೆಪ್ಪೆ ಇಳಿದಿರುವುದೇ ಕಾರಣ, ಟೇಪ್ ಹಚ್ಚಿಸಿ ಎಂದು ಮೇಲೆ ಒಬ್ಬರು ಬರೆದಿದ್ದಾರೆ. ಆ ಮಾತು ಅರ್ಧ ಸರಿ. ರೆಪ್ಪೆಯ ಕಪ್ಪು ಹಾಳೆಯ ತುತ್ತತುದಿಯ ಸಾಲಿನಲ್ಲಿ ಎಡಬಲ ಎರಡೂ ಕಡೆ ಚಾಚಿಕೊಂಡಿರುತ್ತದೆ. ಮೂಗಿನ ಕಡೆ ಮಾತ್ರ ನಡುಗೆರೆಗೆ ಬಂದು ನಿಲ್ಲುವ ಕಪ್ಪು ರೆಪ್ಪೆಯದಲ್ಲ. ತಮ್ಮ ಕಣ್ಣಿನ ಪ್ರೆಶರ್ 15 ಇರುವುದರಿಂದ ಫೀಲ್ಡ್ ಟೆಸ್ಟನ್ನೇ ಬಿಟ್ಟಿದ್ದೇನೆ ಎಂದ ಹಿರಿಯರಿಗೆ ಕೈಮುಗಿದು ಹೇಳುತ್ತೇನೆ, ಹಾಗೆ ಮಾಡಬೇಡಿ. ಪ್ರೆಶರ್ ಆ ಸಾಮಾನ್ಯ ಮಟ್ಟದಲ್ಲೇ ಇದ್ದು ಫೀಲ್ಡ್ ಕುಗ್ಗುವವರು ನಮ್ಮ ದೇಶದಲ್ಲೂ ಬಹಳ ಮಂದಿ ಇದ್ದಾರೆ.

ನನ್ನ ಪೆನ್ಸಿಲ್ ಹೋಲಿಕೆಗೂ ಮಿತಿಗಳಿವೆ. ಮೊದಲೇ ಕುಂದಿರುವ ಬಿಂದುವಿನ ಅಂಕಿ ಕಾಯಿಲೆ ಹೆಚ್ಚದೆಯೂ ಒಂದು ಟೆಸ್ಟಿನಿಂದ ಇನ್ನೊಂದಕ್ಕೆ ಹತ್ತು ಡೆಸಿಬಲ್‌ವರೆಗೆ ಏರಿಳಿಯಬಹುದು, ಆದ್ದರಿಂದ ಹೊಸದಾಗಿ ಕಪ್ಪಾದ ಒಂದೇ ಚೌಕಕ್ಕೆ ಹೆದರಬೇಡಿ. ಅದೇ ಜಾಗ ಮುಂದಿನ ಟೆಸ್ಟಿನಲ್ಲೂ ಕಪ್ಪಾಗಿದ್ದು, ಪಕ್ಕದವೂ ಸೇರಿಕೊಂಡರೆ ಲೆಕ್ಕಕ್ಕೆ ತೆಗೆದುಕೊಳ್ಳಿ. ಕಣ್ಣಿನ ಒತ್ತಡ ಹೆಚ್ಚಿದ್ದವರ ಮೇಲೆ ಅಮೆರಿಕದಲ್ಲಿ ನಡೆದ ದೊಡ್ಡ ಅಧ್ಯಯನದಲ್ಲಿ ಮೊದಲ ಬಾರಿ ಕೆಟ್ಟದಾಗಿ ಬಂದ ಫೀಲ್ಡ್‌ಗಳಲ್ಲಿ ಶೇ. 86ರಷ್ಟು ಮರುಪರೀಕ್ಷೆಯಲ್ಲಿ ಹಾಗೆ ಬರಲಿಲ್ಲ. ಇನ್ನೊಂದು, ಎಂ.ಡಿ. –20 ದಾಟಿದ ಕಣ್ಣಿನಲ್ಲಿ ಪ್ಯಾಟರ್ನ್ ಚೌಕಗಳು ಮೋಸಮಾಡುತ್ತವೆ: ಕಾಯಿಲೆ ಹೆಚ್ಚಿದಷ್ಟೂ ಅವು ಖಾಲಿಯಾಗಿ ಕಾಣುತ್ತವೆ. ಅಂಥವರು ಟೋಟಲ್ ಡೀವಿಯೇಷನ್ ನೋಡಬೇಕು.

ಯಂತ್ರದ ವಿಷಯದಲ್ಲಿ, ಹಂಫ್ರಿಯಲ್ಲಿ ಶುರುಮಾಡಿದ್ದರೆ ಹಂಫ್ರಿಯಲ್ಲೇ ಮುಂದುವರಿಸಿ. ಆಕ್ಟೋಪಸ್ ಕೆಟ್ಟ ಯಂತ್ರವಲ್ಲ, ಆದರೆ ಅದರ ಎಂ.ಡಿ.ಯಲ್ಲಿ ನಷ್ಟವನ್ನು ಧನ ಸಂಖ್ಯೆಯಾಗಿ ತೋರಿಸುತ್ತಾರೆ, ಎರಡನ್ನೂ ಒಂದೇ ಸಾಲಿನಲ್ಲಿಟ್ಟು ಹೋಲಿಸಲಾಗದು. ಹಂಫ್ರಿಯಲ್ಲಿಯೂ ಒಮ್ಮೆ ಸೀಟಾ ಸ್ಟ್ಯಾಂಡರ್ಡ್ ವಿಧಾನದಲ್ಲಿ, ಇನ್ನೊಮ್ಮೆ ಅದಕ್ಕಿಂತ ಬೇಗ ಮುಗಿಯುವ ಸೀಟಾ ಫಾಸ್ಟ್ ವಿಧಾನದಲ್ಲಿ ಟೆಸ್ಟ್ ಮಾಡಿಸಬೇಡಿ. ಮರುಪರೀಕ್ಷೆಯ ದಿನ ಕನ್ನಡಕದ ಚೀಟಿಯನ್ನೂ ಹಳೆಯ ಹಾಳೆಯನ್ನೂ ತೆಗೆದುಕೊಂಡು ಹೋಗಿ, ಅಪ್ಪ ಯಂತ್ರದ ಮುಂದೆ ಕೂರುವ ಮೊದಲೇ ಆರ್‌ಎಕ್ಸ್ ಸಾಲನ್ನು ಟೆಕ್ನಿಷಿಯನ್‌ಗೆ ತೋರಿಸಿ.